ಅಂಗಡಿ ನಂಬರಿಗೆ ‘ಸ್ಪ್ಯಾಮ್’ ಹಣೆಪಟ್ಟಿ

ನೀರಿನ ಫಿಲ್ಟರ್ ರಿಪೇರಿ ಮಾಡುವ ಅಂಗಡಿಯೊಂದನ್ನು ತೆಗೆದುಕೊಳ್ಳಿ. ಸರ್ವಿಸ್ ನೆನಪಿಸಲು ಹುಡುಗ ಒಂದೇ ಮೊಬೈಲಿನಿಂದ ಬೆಳಿಗ್ಗೆಯೆಲ್ಲ ಹಳೇ ಗಿರಾಕಿಗಳಿಗೆ ಕರೆ ಮಾಡುತ್ತಾನೆ. ನಂಬರು ಸೇವ್ ಮಾಡಿಕೊಳ್ಳದ ಬಹುತೇಕರು ತಕ್ಷಣ ಕಟ್ ಮಾಡುತ್ತಾರೆ, ಕೆಲವರು ಸ್ಪ್ಯಾಮ್ ಎಂದು ಗುರುತಿಸಿಬಿಡುತ್ತಾರೆ. ಟ್ರೂಕಾಲರ್‌ನಂಥ ಆ್ಯಪ್‌ಗಳು ಮುಖ್ಯವಾಗಿ ಇಂಥ ದೂರುಗಳನ್ನೇ ನೋಡುತ್ತವೆ. ಏರ್‌ಟೆಲ್ 2024ರಿಂದ ತನ್ನ ನೆಟ್‌ವರ್ಕ್‌ನಲ್ಲೇ ಕರೆಗಳ ಧಾಟಿ ಗಮನಿಸಿ ಎಚ್ಚರಿಕೆ ತೋರಿಸುತ್ತಿದೆ.

ಹಾಗಾಗಿ ಹಣೆಪಟ್ಟಿ ಅಂಟಿಸಿದವರು ಯಾರೆಂದು ಮೊದಲು ತಿಳಿಯಬೇಕು. ಬೇರೆ ಬೇರೆ ಆ್ಯಪ್ ಮತ್ತು ಸಿಮ್ ಇರುವ ಪರಿಚಿತರಿಗೆ ಕರೆ ಮಾಡಿ, ಪರದೆಯ ಫೋಟೊ ತರಿಸಿಕೊಳ್ಳಿ. ಟ್ರೂಕಾಲರ್ ಆಗಿದ್ದರೆ ಅದರ ಸಹಾಯ ವಿಭಾಗಕ್ಕೆ, ನೆಟ್‌ವರ್ಕಿನದಾದರೆ ಆ ಕಂಪನಿಯ ಗ್ರಾಹಕ ಸೇವೆಗೆ ಫೋಟೊ ಸಹಿತ ಬರೆಯಿರಿ. ಒಂದು ಕಡೆ ತೆಗೆದರೆ ಇನ್ನೊಂದು ಕಡೆ ಹೋಗುವುದಿಲ್ಲ. ಗಿರಾಕಿಗಳಿಗೂ ‘ಸ್ಪ್ಯಾಮ್ ಅಲ್ಲ’ ಎಂದು ಒತ್ತಲು ಹೇಳಿ.

ಕರೆಯ ರೀತಿ ಬದಲಾಗದಿದ್ದರೆ ಪಟ್ಟಿ ಮತ್ತೆ ಅಂಟಿಕೊಳ್ಳುತ್ತದೆ. ನೆನಪಿಸುವುದಕ್ಕೆ ವಾಟ್ಸ್ಆ್ಯಪ್ ಸಂದೇಶ ಸಾಕು. ಪ್ರಚಾರದ ಕರೆಗಳನ್ನಂತೂ ಸಾಮಾನ್ಯ ಹತ್ತಂಕಿ ನಂಬರಿನಿಂದ ಮಾಡಲೇಬೇಡಿ. ಟ್ರಾಯ್ ಅದಕ್ಕೆ 140ರ ಸರಣಿ ಇಟ್ಟಿದೆ, 1909ಕ್ಕೆ ದೂರು ಹೋದರೆ ಸಂಪರ್ಕವೇ ಕಡಿತವಾಗಬಹುದು.