ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ

ಮುಟ್ಟು ನಿಂತು ಮೂರು ವರ್ಷವಾದ 54ರ ಹೆಂಗಸಿಗೆ ಮತ್ತೆ ರಕ್ತ ಕಂಡಿತು ಎನ್ನಿ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಒಳಪದರ 9 ಮಿ.ಮೀ. ದಪ್ಪ. ಮುಟ್ಟು ನಿಂತವರಲ್ಲಿ ಅದು 4 ಮಿ.ಮೀ. ದಾಟಿದ್ದರೆ ವೈದ್ಯರು ಸಾಮಾನ್ಯವಾಗಿ ಬಯಾಪ್ಸಿ ಬರೆಯುತ್ತಾರೆ. ಬರೆದರೆಂದ ಮಾತ್ರಕ್ಕೆ ಕ್ಯಾನ್ಸರ್ ಇದೆಯೆಂದಲ್ಲ. ಇಂಥ ರಕ್ತಸ್ರಾವಕ್ಕೆ ಬಹುಪಾಲು ಬೇರೆಯೇ ಕಾರಣವಿರುತ್ತದೆ.

ಹೊಟ್ಟೆ ಕೊಯ್ಯುವುದಿಲ್ಲ. ರೀಫಿಲ್‌ನಷ್ಟು ಸಪೂರವಾದ ಪ್ಲಾಸ್ಟಿಕ್ ಕೊಳವೆಯನ್ನು ಯೋನಿಯ ಮೂಲಕ ಗರ್ಭಕೋಶದೊಳಕ್ಕೆ ತೂರಿಸಿ, ಅದರೊಳಗಿನ ಕಡ್ಡಿಯನ್ನು ಹಿಂದಕ್ಕೆಳೆದರೆ ಪದರದ ಚೂರುಗಳು ಹೀರಿಕೊಂಡು ಬರುತ್ತವೆ. ಕೆಲವೇ ನಿಮಿಷದ ಕೆಲಸ, ಆದರೆ ಆ ಹೊತ್ತಿನಲ್ಲಿ ಕಿಬ್ಬೊಟ್ಟೆ ಜೋರಾಗಿ ಹಿಂಡಬಹುದು. 'ಏನೂ ನೋವಾಗಲ್ಲ' ಎನ್ನುವ ಮಾತನ್ನು ನಾನಂತೂ ಒಪ್ಪುವುದಿಲ್ಲ. ಒಂದು ಗಂಟೆ ಮೊದಲೇ ನುಂಗಲು ಯಾವ ನೋವಿನ ಮಾತ್ರೆ ಆದೀತೆಂದು ಕೇಳಿಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ.

ಕೊಳವೆಗೆ ಕಣ್ಣಿಲ್ಲ. ಒಂದು ಮೂಲೆಯಲ್ಲಿರುವ ಪಾಲಿಪ್ ಅದಕ್ಕೆ ಸಿಗದೆ ಹೋಗಬಹುದು. ಹಾಗಾಗಿ ವರದಿ ನಾರ್ಮಲ್ ಬಂದಿದ್ದರೂ ರಕ್ತ ಮರುಕಳಿಸಿದರೆ ಸುಮ್ಮನಿರಬಾರದು. ಆಗ ಹಿಸ್ಟರೋಸ್ಕೋಪಿ ಮಾಡುತ್ತಾರೆ: ಸಲೈನ್ ಬಿಟ್ಟು ಗರ್ಭಕೋಶವನ್ನು ಹಿಗ್ಗಿಸಿ, ತೆಳು ಕ್ಯಾಮೆರಾದಿಂದ ನೋಡಿ, ಪಾಲಿಪ್ ಇದ್ದರೆ ಹಲವು ಸಲ ಆಗಲೇ ತೆಗೆಯುತ್ತಾರೆ. ಪೂರ್ತಿ ಅರಿವಳಿಕೆ ಕೊಡುವುದಾದರೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಸಾಮಾನ್ಯವಾಗಿ ಅಂದೇ ಮನೆಗೆ.

ಆಮೇಲೆ ಕೆಲವು ದಿನ ಸ್ವಲ್ಪ ರಕ್ತ ಕಾಣುವುದು ಸಹಜ. ಜ್ವರ, ದುರ್ವಾಸನೆಯ ಸ್ರಾವ, ಏರುತ್ತಲೇ ಹೋಗುವ ಹೊಟ್ಟೆನೋವು ಅಥವಾ ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.