ಚಾರಣ ಬಳಗಕ್ಕೆ ಮೂರು ಹೆಸರು, ಒಂದು ಮತ

ಚಾರಣ ಬಳಗಕ್ಕೆ ಹೆಸರು ಆರಿಸಲು ಗೆಳೆಯರ ವಾಟ್ಸಾಪ್ ಗುಂಪಿಗೆ ಕಳಿಸುವ ಸಂದೇಶ ನಾಲ್ಕೈದು ಸಾಲಿನದು. ಮೂರು ಹೆಸರು, ಪ್ರತಿಯೊಂದರ ಅರ್ಥ, ಮತ ಹಾಕುವ ಕ್ರಮ, ಕೊನೆಯ ಗಡುವು, ಇಷ್ಟಿದ್ದರೆ ಸಾಕು. ಉದಾಹರಣೆಗೆ: “ಗೆಳೆಯರೇ, ಬಂದ ಹೆಸರುಗಳಲ್ಲಿ ಮೂರು ಉಳಿದಿವೆ. ಕಾಲುದಾರಿ: ನಡೆದು ನಡೆದೇ ಮೂಡುವ ಹಾದಿ. ಕಾಡುದಾರಿ: ನಮ್ಮ ಚಾರಣವೆಲ್ಲ ಮಲೆನಾಡಿನಲ್ಲೇ ಅಲ್ಲವೇ? ನೀಲಕುರಿಂಜಿ: ಹನ್ನೆರಡು ವರ್ಷಕ್ಕೊಮ್ಮೆ ಬೆಟ್ಟ ತುಂಬ ಅರಳುವ ಹೂವು. ಒಬ್ಬರಿಗೆ ಒಂದೇ ಮತ, ಭಾನುವಾರ ರಾತ್ರಿ 9ರೊಳಗೆ.”

ಸಂದೇಶ ಚೆನ್ನಾಗಿದೆ, ಪಟ್ಟಿಯಲ್ಲೇ ತೊಡಕಿದೆ. ಹದಿನೈದು ಜನರಲ್ಲಿ ಆರು ಮಂದಿ ನೀಲಕುರಿಂಜಿಗೆ, ಐವರು ಕಾಲುದಾರಿಗೆ, ನಾಲ್ವರು ಕಾಡುದಾರಿಗೆ ಮತ ಹಾಕಿದರೆ ಹೂವೇ ಗೆಲ್ಲುತ್ತದೆ. ಆದರೆ ‘ದಾರಿ’ ಬೇಕೆಂದವರು ಒಂಬತ್ತು ಜನ! ಹೋಲುವ ಎರಡು ಹೆಸರುಗಳು ಮತ ಹಂಚಿಕೊಂಡು ಎರಡೂ ಸೋತವು. ಅವುಗಳಲ್ಲೊಂದನ್ನು ಮೊದಲೇ ಕೈಬಿಡುವುದು ಸುಲಭದ ಪರಿಹಾರ. ಇಲ್ಲವೇ ಕೊನೆಯ ಹೆಸರನ್ನು ತೆಗೆದು, ಉಳಿದೆರಡಕ್ಕೆ ಮತ್ತೊಮ್ಮೆ ಮತ ಕೇಳಬಹುದು.

ವಾಟ್ಸಾಪ್‌ನ ಮತದಾನದಲ್ಲಿ ಒಬ್ಬರು ಹಲವು ಆಯ್ಕೆ ಒತ್ತಲು ಅವಕಾಶವಿರುತ್ತದೆ. ಒಂದೇ ಮತ ಬೇಕಿದ್ದರೆ ಆ ಸೌಲಭ್ಯವನ್ನು ಕಳಿಸುವ ಮೊದಲೇ ಆರಿಸಬೇಕು. ಯಾರು ಯಾವುದಕ್ಕೆ ಹಾಕಿದರೆಂಬುದೂ ಸಾಮಾನ್ಯವಾಗಿ ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಸಂದೇಶ ಬರೆದವರು ಮೊದಲ ಮತ ಹಾಕಿದರೆ ದಾಕ್ಷಿಣ್ಯದ ಮತಗಳು ಅದರ ಹಿಂದೆಯೇ ಬರುತ್ತವೆ. ಅವರು ಕೊನೆಯಲ್ಲಿ ಹಾಕುವುದೇ ಸರಿ.