ನಾಣ್ಯವನ್ನು ಮೇಲಕ್ಕೆ ತಳ್ಳುತ್ತಿರುವವರು ಯಾರು?

‘ಒಂದು ರೂಪಾಯಿ ಕಾಯಿನ್ ಮೇಲಕ್ಕೆ ಎಸೀತೀನಿ. ಕೈ ಬಿಟ್ಟು ಅರ್ಧ ದಾರಿ ಹೋಗಿದೆ ಅನ್ಕೋ. ಅದರ ಮೇಲೆ ಯಾವ್ಯಾವ ಬಲ ಇದೆ ಹೇಳು.’

‘ಎರಡು. ಭೂಮಿ ಕೆಳಗೆ ಎಳೆಯೋದು ಒಂದು, ನೀನು ಮೇಲಕ್ಕೆ ಎಸೆದ ಬಲ ಒಂದು.’

‘ಯಾವುದು ಜಾಸ್ತಿ?’

‘ಮೇಲಿಂದು ಕಣೇ. ಇಲ್ದಿದ್ರೆ ಮೇಲಕ್ಕೆ ಹೇಗೆ ಹೋಗತ್ತೆ? ಆಮೇಲೆ ಕಮ್ಮಿ ಆಗ್ತಾ ಆಗ್ತಾ ತುದೀಲಿ ಎರಡೂ ಸಮ ಆಗತ್ತೆ. ಅದಕ್ಕೇ ಒಂದು ಕ್ಷಣ ನಿಲ್ಲೋದು.’

‘ಎರಡೂ ಸಮ ಆದ್ರೆ ಅಲ್ಲೇ ಇರ್ಬೇಕಲ್ವಾ? ವಾಪಸ್ ಯಾಕೆ ಬೀಳತ್ತೆ?’

‘ಮೇಲಿನ ಬಲ ಇನ್ನೂ ಕಮ್ಮಿ ಆಗತ್ತೆ, ಅದಕ್ಕೆ.’

‘ಸರಿ, ಮೇಲಕ್ಕೆ ತಳ್ತಾ ಇರೋರು ಯಾರು? ನನ್ನ ಕೈ ಇಲ್ಲೇ ಇದೆಯಲ್ಲ!’

ಹೊಸಹಳ್ಳಿ ಮೆಟ್ರೊ ನಿಲ್ದಾಣದಲ್ಲಿ ಇಳಿದು, ಮಾಗಡಿ ರಸ್ತೆ ದಾಟಿ ಬಸವೇಶ್ವರನಗರದ ಕಡೆ ನಡೆಯುತ್ತಿದ್ದ ಇಬ್ಬರು ಪಿಯುಸಿ ಹುಡುಗಿಯರ ಮಾತು ಇದು. ಚಲನೆಯ ನಿಯಮಗಳ ಟೆಸ್ಟ್ ಇತ್ತೆಂದು ಕಾಣುತ್ತದೆ. ಉತ್ತರ ಹೇಳಿದವಳು ತಪ್ಪು ಹೇಳಿದಳು. ಆದರೆ ಆ ತಪ್ಪಿಗೆ ದೊಡ್ಡ ವಂಶಾವಳಿಯೇ ಇದೆ. ಹತ್ತಿರ ಹತ್ತಿರ ಎರಡು ಸಾವಿರ ವರ್ಷ ಜಗತ್ತಿನ ಅತಿ ಚುರುಕಾದ ತಲೆಗಳು ಈ ಪ್ರಶ್ನೆಯ ಸುತ್ತಲೇ ತಿರುಗಿವೆ.

ಚಲಿಸುವ ವಸ್ತುವನ್ನು ಏನೋ ಒಂದು ಸದಾ ತಳ್ಳುತ್ತಿರಬೇಕು ಎಂಬುದು ಅರಿಸ್ಟಾಟಲನ ನಂಬಿಕೆ. ಕೈಬಿಟ್ಟ ಕಲ್ಲನ್ನು ತಳ್ಳುವವರು ಯಾರು? ಗಾಳಿ ಎಂದ. ಇದನ್ನು ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಫಿಲೊಪೊನಸ್ ಒಪ್ಪಲಿಲ್ಲ. ಎಸೆಯುವವನು ಕಲ್ಲಿನೊಳಗೇ ಒಂದು ಶಕ್ತಿಯನ್ನು ತುಂಬಿ ಬಿಡುತ್ತಾನೆ ಎಂದು ವಾದಿಸಿದ. ಹದಿನಾಲ್ಕನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಬುರಿಡಾನ್ ಅದಕ್ಕೆ ‘ಇಂಪಿಟಸ್’ ಎಂದು ಹೆಸರಿಟ್ಟ.

ನಮ್ಮ ಕಡೆಯೂ ಇದೇ ಆಲೋಚನೆ ನಡೆದಿತ್ತು. ಬಾಣದ ಮೊದಲ ಚಲನೆ ಬಿಲ್ಲಿನ ನೂಕಿನಿಂದ ಹುಟ್ಟುತ್ತದೆ, ಆ ಚಲನೆ ಬಾಣದಲ್ಲಿ ಒಂದು ಸಂಸ್ಕಾರವನ್ನು ಉಂಟುಮಾಡುತ್ತದೆ, ಮುಂದಿನ ಚಲನೆಯೆಲ್ಲ ಆ ಸಂಸ್ಕಾರದಿಂದ, ಅದು ಇಲ್ಲವಾದಾಗ ಗುರುತ್ವದಿಂದ ಬಾಣ ಬೀಳುತ್ತದೆ ಎಂದು ಕಣಾದನ ವೈಶೇಷಿಕ ಸೂತ್ರಗಳು ಹೇಳುತ್ತವೆ. ಈ ಸಂಸ್ಕಾರಕ್ಕೆ ‘ವೇಗ’ ಎಂಬ ಹೆಸರು ಕೊಟ್ಟು ಪ್ರಶಸ್ತಪಾದ ಅದನ್ನು ವಿಸ್ತರಿಸಿದ. ನ್ಯೂಟನ್ನನ ನಿಯಮಗಳನ್ನು ಕಣಾದನೇ ಮೊದಲು ಹೇಳಿದ್ದ ಎಂಬ ಮಾತು ಆಗಾಗ ಕೇಳಿಬರುತ್ತದೆ. ಸೂತ್ರಗಳನ್ನು ಗಮನವಿಟ್ಟು ಓದಿದರೆ ಅವು ನ್ಯೂಟನ್ನನಿಗಿಂತ ಮಾಗಡಿ ರಸ್ತೆಯ ಆ ಹುಡುಗಿಯ ಉತ್ತರಕ್ಕೇ ಹತ್ತಿರ ಎನಿಸುತ್ತದೆ. ಇದರಿಂದ ಕಣಾದನಿಗೆ ಕುಂದೇನೂ ಇಲ್ಲ. ತಳ್ಳುವ ಕೈ ದೂರವಾದ ಮೇಲೂ ಚಲನೆ ಉಳಿಯುವುದೇಕೆ ಎಂದು ಆತ ಕೇಳಿದನಲ್ಲ, ಅದು ಸರಿಯಾದ ಪ್ರಶ್ನೆ.

ಇನ್ನು ಗೆಲಿಲಿಯೊ. ಆರ್ಚೆಟ್ರಿಯ ಮನೆಯಲ್ಲಿ ಬಂಧನದಲ್ಲಿದ್ದಾಗ, ಕಣ್ಣೂ ಕೈಕೊಡುತ್ತಿದ್ದಾಗ, ಅವನು ಮುಗಿಸಿದ ‘ಎರಡು ಹೊಸ ವಿಜ್ಞಾನಗಳು’ 1638ರಲ್ಲಿ ಲೈಡನ್‌ನಲ್ಲಿ ಅಚ್ಚಾಯಿತು. ಪುಸ್ತಕವಿಡೀ ಸ್ನೇಹಿತರ ಸಂಭಾಷಣೆ. ಸಾಲ್ವಿಯಾತಿ, ಸಾಗ್ರೆದೊ ಇಬ್ಬರೂ ಅವನ ನಿಜವಾದ ಗೆಳೆಯರು. ಒಬ್ಬ 1614ರಲ್ಲಿ, ಇನ್ನೊಬ್ಬ 1620ರಲ್ಲಿ ತೀರಿಕೊಂಡಿದ್ದರು. ಮೂರನೆಯ ದಿನದ ಮಾತುಕತೆಯಲ್ಲಿ ಸಾಗ್ರೆದೊ ಒಂದು ವಿವರಣೆ ಮುಂದಿಡುತ್ತಾನೆ: ಮೇಲಕ್ಕೆಸೆದ ವಸ್ತುವಿನಲ್ಲಿ ತುಂಬಿದ ಬಲ ಕ್ರಮೇಣ ಕುಗ್ಗುತ್ತದೆ, ತುದಿಯಲ್ಲಿ ಅದು ತೂಕಕ್ಕೆ ಸಮವಾಗುತ್ತದೆ, ಇನ್ನೂ ಕುಗ್ಗಿದಾಗ ವಸ್ತು ಬೀಳತೊಡಗುತ್ತದೆ. ಹುಡುಗಿ ಹೇಳಿದ್ದು ಇದನ್ನೇ. ಯೌವನದಲ್ಲಿ ಗೆಲಿಲಿಯೊನ ನಂಬಿಕೆಯೂ ಇದೇ ಆಗಿತ್ತು. ಸಾಲ್ವಿಯಾತಿ ಮಾತ್ರ ಇದನ್ನು ಖಂಡಿಸಲು ಹೋಗುವುದಿಲ್ಲ. ಕಾರಣ ಹುಡುಕುವ ಹೊತ್ತು ಇದಲ್ಲ, ವೇಗ ಹೇಗೆ ಬದಲಾಗುತ್ತದೆ ಎಂಬುದನ್ನು ಮೊದಲು ಅಳೆಯೋಣ ಎನ್ನುತ್ತಾನೆ. ನನ್ನ ಮಟ್ಟಿಗೆ ಭೌತವಿಜ್ಞಾನದ ಇತಿಹಾಸದ ದೊಡ್ಡ ತಿರುವು ಇದು.

ಅಳೆಯತೊಡಗಿದ ಮೇಲೆ ಬೇರೆಯದೇ ಚಿತ್ರ ಮೂಡಿತು. ಇಳಿಜಾರಿನಲ್ಲಿ ಉರುಳಿದ ಗುಂಡು ಎದುರಿನ ಏರನ್ನು ಹತ್ತಿ ಹೆಚ್ಚುಕಡಿಮೆ ಹೊರಟ ಎತ್ತರಕ್ಕೇ ತಲುಪುತ್ತದೆ. ಏರಿನ ಓರೆ ಕಡಿಮೆಯಾದಷ್ಟೂ ಅದು ಹೆಚ್ಚು ದೂರ ಓಡುತ್ತದೆ. ಏರನ್ನು ಪೂರ್ತಿ ಮಟ್ಟಸ ಮಾಡಿ, ಘರ್ಷಣೆಯನ್ನೂ ತೆಗೆದುಹಾಕಿದರೆ ನಿಲ್ಲಲು ಕಾರಣವೇ ಇಲ್ಲ. ಚಲನೆ ಮುಂದುವರಿಯಲು ಬಲ ಬೇಕಿಲ್ಲ, ಬದಲಾಗಲು ಬೇಕು. ತಡೆಯಿಲ್ಲದ ಆ ಓಟ ನೇರ ಗೆರೆಯಲ್ಲಿ ಸಾಗುತ್ತದೆ ಎಂಬುದನ್ನು 1644ರಲ್ಲಿ ಡೆಕಾರ್ಟ್ ಸ್ಪಷ್ಟಪಡಿಸಿದ. 1687ರ ‘ಪ್ರಿನ್ಸಿಪಿಯಾ’ದಲ್ಲಿ ನ್ಯೂಟನ್ ಅದನ್ನು ಮೊದಲನೆಯ ನಿಯಮವಾಗಿಸಿದ. ಹಳೆಯ ಯೋಚನೆಯ ನೆರಳು ಅಲ್ಲೂ ಪೂರ್ತಿ ಅಳಿದಿಲ್ಲ: ಅದೇ ಪುಸ್ತಕದ ಮೂರನೆಯ ವ್ಯಾಖ್ಯೆಯಲ್ಲಿ ಜಡತ್ವವನ್ನು ಅವನು ದ್ರವ್ಯದೊಳಗೇ ಇರುವ ಒಂದು ‘ಬಲ’ ಎಂದೇ ಕರೆದಿದ್ದಾನೆ.

ಈಗ ನಾಣ್ಯದ ಲೆಕ್ಕ ನೋಡೋಣ. ಅದರ ರಾಶಿ ಸುಮಾರು 4 ಗ್ರಾಂ. ಗುರುತ್ವ ವೇಗೋತ್ಕರ್ಷವನ್ನು ಸೆಕೆಂಡಿಗೆ ಸೆಕೆಂಡಿಗೆ 10 ಮೀಟರ್ ಎಂದು ಹಿಡಿದರೆ ತೂಕ 0.04 ನ್ಯೂಟನ್. ಕೈ ಅದನ್ನು 25 ಸೆಂಟಿಮೀಟರ್ ದೂರ ಒಂದೇ ಸಮ ತಳ್ಳಿ, ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬಿಡುತ್ತದೆ ಎನ್ನೋಣ. ಅಷ್ಟು ಹೊತ್ತು ಕೈ ಕೊಟ್ಟ ಬಲ 0.24 ನ್ಯೂಟನ್, ಅಂದರೆ ತೂಕದ ಆರು ಪಟ್ಟು. ಕೈಬಿಟ್ಟ ಮರುಕ್ಷಣ ಅದು ಸೊನ್ನೆ. ಸ್ವಲ್ಪ ಉಳಿದು ನಿಧಾನವಾಗಿ ಕರಗುವುದಿಲ್ಲ, ಒಮ್ಮೆಗೇ ಸೊನ್ನೆ. ಆಮೇಲೆ ನಾಣ್ಯದ ಮೇಲಿರುವುದು ಕೆಳಮುಖವಾದ 0.04 ನ್ಯೂಟನ್. ಗಾಳಿ ಒಡ್ಡುವ ಅಲ್ಪ ತಡೆಯೂ ಏರುವಾಗ ಕೆಳಮುಖವೇ. ಆ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ ವೇಗ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೊಮ್ಮೆ 5, 4, 3, 2, 1 ಎಂದು ಇಳಿಯುತ್ತದೆ. ಅರ್ಧ ಸೆಕೆಂಡಿಗೆ ಸೊನ್ನೆ. ಆಗ ನಾಣ್ಯ ಒಂದೂಕಾಲು ಮೀಟರ್ ಎತ್ತರದಲ್ಲಿರುತ್ತದೆ. ತುದಿಯಲ್ಲಿ ವೇಗವಷ್ಟೇ ಸೊನ್ನೆ. ಬಲ ಹಾಗೇ ಇದೆ, ವೇಗೋತ್ಕರ್ಷವೂ ಅದೇ 10. ಅದೂ ಸೊನ್ನೆಯಾಗಿದ್ದರೆ ನಾಣ್ಯ ಅಲ್ಲೇ ನಿಂತುಬಿಡುತ್ತಿತ್ತು. ‘ಅಲ್ಲೇ ಇರ್ಬೇಕಲ್ವಾ?’ ಎಂದು ಸ್ನೇಹಿತೆ ಕೇಳಿದ ಪ್ರಶ್ನೆ ಸರಿಯಾಗಿ ಇದೇ ಜಾಗಕ್ಕೆ ಬಿದ್ದಿತ್ತು.

ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಜಾನ್ ಕ್ಲೆಮೆಂಟ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ನಾಣ್ಯದ ಪ್ರಶ್ನೆಯನ್ನೇ ಕೊಟ್ಟು ನೋಡಿ, 1982ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚಿನವರು ಮೇಲ್ಮುಖವಾಗಿಯೂ ಒಂದು ಬಾಣದ ಗುರುತು ಹಾಕಿದ್ದರು. ನಿಯಮವನ್ನು ಬಾಯಿಪಾಠ ಮಾಡುವುದರಿಂದ ಆ ಬಾಣ ಅಳಿಯುವುದಿಲ್ಲ. F = ma ಬಳಸಿ ಲೆಕ್ಕಗಳನ್ನು ಸರಿಯಾಗಿ ಬಿಡಿಸುವವರೂ ಚಿತ್ರ ಬರೆಯುವಾಗ ಅದನ್ನು ಹಾಕುವುದುಂಟು.

ಅದನ್ನು ಅಳಿಸುವುದು ಆ ಸ್ನೇಹಿತೆಯ ಕೊನೆಯ ಪ್ರಶ್ನೆ: ತಳ್ಳುತ್ತಿರುವವರು ಯಾರು? ಪ್ರತಿ ಬಲಕ್ಕೂ ಕೊಡುವ ವಸ್ತು ಒಂದು, ಪಡೆಯುವ ವಸ್ತು ಒಂದು ಇರಲೇಬೇಕು. ಕೊಡುವ ವಸ್ತುವಿನ ಹೆಸರು ಹೇಳಲಾಗದಿದ್ದರೆ ಆ ಬಲವೇ ಇಲ್ಲ. ಮೂರನೆಯ ನಿಯಮದ ತಿರುಳು ಇದು. ನಡೆಯುವಾಗ ನಮ್ಮನ್ನು ಮುಂದಕ್ಕೆ ತಳ್ಳುವುದು ಯಾವುದು ಎಂದು ಕೇಳಿ ನೋಡಿ, ‘ಕಾಲು’ ಎನ್ನುವವರೇ ಹೆಚ್ಚು. ಕಾಲು ರಸ್ತೆಯನ್ನು ಹಿಂದಕ್ಕೆ ತಳ್ಳುತ್ತದೆ, ನಮ್ಮನ್ನು ಮುಂದಕ್ಕೆ ತಳ್ಳುವುದು ರಸ್ತೆ. ಮಳೆ ಬಂದು ಟೈಲ್ಸ್ ಹಾಕಿದ ಫುಟ್‌ಪಾತ್ ಜಾರುವಾಗ ಕಾಲಿನ ಶಕ್ತಿಯೇನೂ ಕಡಿಮೆಯಾಗಿರುವುದಿಲ್ಲ, ನೆಲ ವಾಪಸು ತಳ್ಳಲಾರದೆ ಹೋಗಿರುತ್ತದೆ.

ನಾಣ್ಯವನ್ನು ಎಳೆಯುವ ಬಲವನ್ನು ಕೊಡುವುದು ಭೂಮಿ. ಹಾಗಾದರೆ ಅದರ ಜೋಡಿ ಬಲ ಎಲ್ಲಿದೆ? ಕೈಯಲ್ಲೂ ಇಲ್ಲ, ಗಾಳಿಯಲ್ಲೂ ಇಲ್ಲ. ನಾಣ್ಯವೂ ಭೂಮಿಯನ್ನು ಅದೇ 0.04 ನ್ಯೂಟನ್ ಬಲದಿಂದ ಮೇಲಕ್ಕೆ ಎಳೆಯುತ್ತದೆ. ಭೂಮಿಯ ರಾಶಿ 6 × 10²⁴ ಕಿಲೋಗ್ರಾಂ ಇರುವುದರಿಂದ, ಆ ಎಳೆತಕ್ಕೆ ಅದರಲ್ಲಿ ಹುಟ್ಟುವ ವೇಗೋತ್ಕರ್ಷವನ್ನು ಬರೆಯಲು ದಶಮಾಂಶ ಬಿಂದುವಿನ ನಂತರ ಇಪ್ಪತ್ತಾರು ಸೊನ್ನೆ ಹಾಕಿದ ಮೇಲೆ ಒಂದು 7 ಬರೆಯಬೇಕು.